ದಣಿದ ತೊಡೆಯಲ್ಲಿ ಉಳಿದಿದ್ದ ನೂರು ನ್ಯೂಟನ್

ಮೈಸೂರಿನಲ್ಲಿ ಕ್ರೀಡಾ ಫಿಸಿಯೊಥೆರಪಿ ಮಾಡುವ ನನಗೆ, ‘ಕಾಲಲ್ಲಿ ಇನ್ನು ಶಕ್ತಿಯೇ ಇಲ್ಲ ಸರ್’ ಎಂಬ ಮಾತು ಕೇಳಿದಾಗಲೆಲ್ಲ ತಿಳಿಯಬೇಕಾದುದು ಒಂದೇ: ಕುಂದಿರುವುದು ಸ್ನಾಯುವಿನ ಬಲವೋ, ಅಥವಾ ಅದಕ್ಕೆ ಮೇಲಿನಿಂದ ಬರುವ ನರಗಳ ಆಜ್ಞೆಯೋ? ಮೊದಲನೆಯದು ಪರಿಧೀಯ ದಣಿವು, ಎರಡನೆಯದು ಕೇಂದ್ರೀಯ ದಣಿವು.

ಮಂಡ್ಯದ ಕಬಡ್ಡಿ ಆಟಗಾರರೊಬ್ಬರನ್ನು ಕುರ್ಚಿಯಲ್ಲಿ ಕೂರಿಸಿ, ಮಂಡಿಯನ್ನು 90 ಡಿಗ್ರಿಯಲ್ಲಿ ಬಿಗಿದು, ಕಣಕಾಲಿನ ಪಟ್ಟಿಗೆ ಬಲ ಅಳೆಯುವ ಲೋಡ್ ಸೆಲ್ ಜೋಡಿಸಿದೆ. ಅವರು ಪೂರ್ಣ ಬಲದಿಂದ ಒದೆಯುತ್ತಿರುವಾಗಲೇ ತೊಡೆಸಂದಿಯಲ್ಲಿ ಹಾದುಹೋಗುವ ಫೀಮೊರಲ್ ನರಕ್ಕೆ ಎರಡು ಕಿರು ವಿದ್ಯುತ್ ಮಿಡಿತಗಳನ್ನು ಕೊಡುತ್ತೇನೆ. ಇಚ್ಛೆಯಿಂದ ಸ್ನಾಯು ಪೂರ್ತಿ ಎಚ್ಚೆತ್ತಿದ್ದರೆ ಬಲದ ಗೆರೆ ಮೇಲೇರುವುದಿಲ್ಲ, ಏರಿದಷ್ಟು ಭಾಗ ಬಳಕೆಯಾಗದೆ ಉಳಿದಿದೆ ಎಂದರ್ಥ. ಕೂಡಲೇ ಸ್ನಾಯುವನ್ನು ಸಡಿಲಗೊಳಿಸಿ ಅದೇ ಮಿಡಿತವನ್ನು ಮತ್ತೆ ಕೊಟ್ಟರೆ, ಹೋಲಿಕೆಗೆ ಬೇಕಾದ ಅಳತೆ ಸಿಗುತ್ತದೆ. 1954ರಲ್ಲಿ ಶರೀರಕ್ರಿಯಾ ವಿಜ್ಞಾನಿ ಮೆರ್ಟನ್ ಹೆಬ್ಬೆರಳಿನ ಸ್ನಾಯುವಿನ ಮೇಲೆ ಇದೇ ಬಗೆಯ ಪರೀಕ್ಷೆ ಮಾಡಿ, ದಣಿವೆಲ್ಲ ಸ್ನಾಯುವಿನಲ್ಲೇ ಇದೆ ಎಂಬ ತೀರ್ಮಾನಕ್ಕೆ ಬಂದಿದ್ದರು; ನಂತರದ ಸೂಕ್ಷ್ಮ ಅಳತೆಗಳು ಅದನ್ನು ತಿದ್ದಿದವು.

ದಣಿಯುವ ಮೊದಲು ಈ ಆಟಗಾರರ ಬಲ 600 ನ್ಯೂಟನ್ ಇತ್ತು. ಒದೆತದ ನಡುವಿನ ಮಿಡಿತದಿಂದ ಏರಿದ ಬಲ 10 ನ್ಯೂಟನ್, ವಿಶ್ರಾಂತಿಯಲ್ಲಿ ಅದೇ ಮಿಡಿತದಿಂದ ಬಂದದ್ದು 200. ಅಂದರೆ ಶೇಕಡಾ 95ರಷ್ಟು ಸಕ್ರಿಯತೆ. ಬಳಿಕ ಎರಡು ನಿಮಿಷ ಬಿಡದೆ ಪೂರ್ಣ ಬಲದಿಂದ ಒದೆಯುತ್ತಲೇ ಇರಲು ಹೇಳಿದೆ. ಕೊನೆಯ ಕ್ಷಣಗಳಲ್ಲಿ ಬಲ 300ಕ್ಕೆ ಇಳಿದಿತ್ತು, ನಡುವಿನ ಮಿಡಿತ 30ಕ್ಕೆ ಏರಿತ್ತು, ವಿಶ್ರಾಂತಿಯದು 120ಕ್ಕೆ ಕುಸಿದಿತ್ತು. 120ರಲ್ಲಿ 30 ಎಂದರೆ ಕಾಲು ಭಾಗ ನಿಷ್ಕ್ರಿಯ. ಸಕ್ರಿಯತೆ ಶೇಕಡಾ 75. ಈ ಲೆಕ್ಕದಲ್ಲಿ ಸ್ನಾಯು ಸುಮಾರು 400 ನ್ಯೂಟನ್ ಕೊಡಬಹುದಿತ್ತು, ಕೊಟ್ಟದ್ದು 300. ಮಿಡಿತ 200ರಿಂದ 120ಕ್ಕೆ ಇಳಿದದ್ದು ಪರಿಧೀಯ ದಣಿವಿನ ಗುರುತು: ತಂತುಗಳೊಳಗೆ ಫಾಸ್ಫೇಟ್ ಸೇರಿಕೊಂಡು, ಕ್ಯಾಲ್ಸಿಯಂ ಬಿಡುಗಡೆ ಕುಂದಿದಾಗ ಹೀಗಾಗುತ್ತದೆ. ಬಲ ಮತ್ತು ಸಕ್ರಿಯತೆಯ ಸಂಬಂಧ ನೇರ ಗೆರೆಯಲ್ಲವಾದ್ದರಿಂದ 400 ಒಂದು ಅಂದಾಜು ಮಾತ್ರ.

ಕೊನೆಯ ಒದೆತಕ್ಕೂ ಅಳತೆಗೂ ನಡುವೆ ಹೊತ್ತು ಹೋಗಬಾರದು ಎಂಬುದರಲ್ಲಿ ನಾನು ಬಹಳ ಕಟ್ಟುನಿಟ್ಟು. ಇಂತಹ ಒದೆತದ ನಂತರ ಆಜ್ಞೆ ಬಹು ಬೇಗ ಚೇತರಿಸಿಕೊಳ್ಳುವುದರಿಂದ, ಮಾತಿನಲ್ಲಿ ಸಮಯ ಕಳೆದರೆ ಕೇಂದ್ರೀಯ ದಣಿವು ಕಾಣದೆಯೇ ಹೋಗುತ್ತದೆ. ಗಟ್ಟಿಯಾಗಿ ಹುರಿದುಂಬಿಸುವುದೂ ಅಷ್ಟೇ ಅಗತ್ಯ. ಆಟಗಾರ ಮನಸ್ಸಿಟ್ಟು ಒದೆಯದಿದ್ದರೂ ಅಂಕಿ ದಣಿವಿನಂತೆಯೇ ಕಾಣುತ್ತದೆ. ಐದು ನಿಮಿಷದ ನಂತರ ಇವರ ನಡುವಿನ ಮಿಡಿತ ಮತ್ತೆ 10, ವಿಶ್ರಾಂತಿಯದು 150: ಆಜ್ಞೆ ಬಹುತೇಕ ಮರಳಿತ್ತು, ಸ್ನಾಯು ಇನ್ನೂ ಮರಳಿರಲಿಲ್ಲ.

ಆಜ್ಞೆ ಕುಗ್ಗಲು ಒಂದು ಕಾರಣ ಸ್ನಾಯುವಿನಿಂದಲೇ ಹೊರಡುವ ಸೂಕ್ಷ್ಮ ನರಗಳ ಸಂದೇಶವಿರಬಹುದು. ಒದೆತ ಮುಗಿದ ಮೇಲೂ ತೊಡೆಗೆ ಪಟ್ಟಿ ಬಿಗಿದು ರಕ್ತ ಹರಿಯದಂತೆ ತಡೆದರೆ ಸಕ್ರಿಯತೆ ಕೆಳಗೇ ಉಳಿಯುತ್ತದೆ, ರಕ್ತ ಹರಿಯಬಿಟ್ಟ ಮೇಲೆ ಏರುತ್ತದೆ. ಆದರೆ ಆಜ್ಞೆ ಮೆದುಳಿನಲ್ಲಿ ಕುಂದಿತೋ ಬೆನ್ನುಹುರಿಯಲ್ಲೋ ಎಂಬುದನ್ನು ಈ ಮಿಡಿತ ಹೇಳದು. ಅದಕ್ಕೆ ತಲೆಯ ಮೇಲಿಂದ ಕೊಡುವ ಕಾಂತೀಯ ಪ್ರಚೋದನೆ ಬೇಕು.