ಅಪ್ಪ-ಅಮ್ಮನಿಗೆ ಗೊತ್ತಾಗದ ಹಾಗೆ ಒಂದು ಪ್ರವಾಸ

ಅಪ್ಪ-ಅಮ್ಮನ ಮದುವೆಗೆ 40 ವರ್ಷ ತುಂಬುವಾಗ ಅವರನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕು ಅಂತ ಅಕ್ಕ, ನಾನು ಮಾತಾಡಿಕೊಂಡೆವು. ಎಲ್ಲಿಗೆ ಅನ್ನೋದೇ ತಲೆನೋವು. ನೇರವಾಗಿ ಕೇಳಿದರೆ ಗುಟ್ಟು ಅಲ್ಲೇ ರಟ್ಟು. ಹಾಗಾಗಿ ಹಳೆ ಆಲ್ಬಂ ಹೊರಗೆ ತೆಗೆದೆ. ಸ್ಕ್ಯಾನ್ ಮಾಡಿಡ್ತೀನಿ ಅನ್ನೋದು ನೆಪ.

ಅದೇ ಫೋಟೋಗಳನ್ನು ಇಬ್ಬರಿಗೂ ಬೇರೆ ಬೇರೆ ಹೊತ್ತಲ್ಲಿ ತೋರಿಸಿ ಸುಮ್ನೆ ಕೇಳಿಸಿಕೊಂಡೆ. ಜೊತೆಗೆ ಕೂರಿಸಿದರೆ ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ತಲೆಯಾಡಿಸಿಬಿಡುತ್ತಾರೆ. ಮದುವೆಯಾದ ಹೊಸದರಲ್ಲಿ ಹೋಗಿದ್ದ ಗಿರಿಧಾಮದ ಬಗ್ಗೆ ಅಪ್ಪ ಹೇಳಿದ್ದೇ ಹೇಳಿದ್ದು. ಅಮ್ಮ ಮಾತ್ರ ಪುಟ ತಿರುವಿದಳು. ಅಲ್ಲಿದ್ದಷ್ಟು ದಿನವೂ ಅವಳಿಗೆ ಜ್ವರವಂತೆ! ಆದರೆ ಅಪ್ಪನಿಗೆ ಮೊದಲು ವರ್ಗವಾಗಿದ್ದ ಸಣ್ಣ ಊರು, ಅಲ್ಲಿನ ಬಾಡಿಗೆ ಮನೆ, ಸಂಜೆ ಹೊತ್ತು ಓಡಾಡುತ್ತಿದ್ದ ಕೆರೆ ಏರಿ, ಇವುಗಳ ಮಾತನ್ನು ಇಬ್ಬರೂ ತಾವಾಗಿಯೇ ಎತ್ತಿದರು. 'ಅಲ್ಲಿ ನೋಡೋಕೆ ಏನಿದೆ?' ಅಂತ ಅಕ್ಕ ಗೊಣಗಿದಳು. ನನಗೆ ಅದೇ ಸರಿ ಅನ್ನಿಸಿತು.

ಬುಕ್ ಮಾಡುವ ಮೊದಲು ಆ ಜಾಗ ಈಗ ಹೇಗಿದೆ ಅಂತ ನೋಡಲೇಬೇಕು. ಮ್ಯಾಪ್‌ನಲ್ಲಿ ಬೀದಿಯ ಫೋಟೋ ನೋಡಿದರೆ ಬಾಡಿಗೆ ಮನೆ ಇದ್ದ ಕಡೆ ದೊಡ್ಡ ಕಟ್ಟಡ. ಏರಿ ಹಾಗೇ ಇತ್ತು. ಮನೆಯನ್ನು ಬಿಟ್ಟು ಏರಿಯನ್ನೇ ಗಟ್ಟಿ ಮಾಡಿಕೊಂಡೆವು.

ಇನ್ನು ಗುಟ್ಟಿನ ವಿಷಯ. ಪ್ರವಾಸವನ್ನೇ ಮುಚ್ಚಿಡಲು ಹೋಗಲಿಲ್ಲ, ಜಾಗವನ್ನಷ್ಟೇ ಮುಚ್ಚಿಟ್ಟೆವು. ಈ ವಯಸ್ಸಿನವರನ್ನು ಬೆಳಿಗ್ಗೆ ಎಬ್ಬಿಸಿ 'ಹೊರಡಿ' ಅಂದರೆ ಬಿಪಿ ಮಾತ್ರೆ ಮನೆಯಲ್ಲೇ ಉಳಿಯುತ್ತದೆ, ಇಲ್ಲವೇ ಆ ದಿನಕ್ಕೇ ಡಾಕ್ಟರ್ ಅಪಾಯಿಂಟ್‌ಮೆಂಟ್ ಇರುತ್ತದೆ. ಅಕ್ಕನ ಗೆಳತಿಯ ಮನೆಗೆ ಹೋಗಿ ಎರಡು ರಾತ್ರಿ ಇದ್ದು ಬರೋಣ ಅಂದೆವು. ಅದೇ ದಿನಾಂಕ, ಅದೇ ದಿಕ್ಕು, ಅಂಥದ್ದೇ ಹವೆ. ಅವರೇ ಮಾತ್ರೆ, ಸ್ವೆಟರ್, ಚಪ್ಪಲಿ ಜೋಡಿಸಿಕೊಂಡರು.

ಗುಟ್ಟು ಬಿಡುವುದು ಬಾಯಿಗಿಂತ ಜಾಸ್ತಿ ಫೋನಿನಿಂದ. ನಮ್ಮ ಮನೆಯ ಟ್ಯಾಬ್‌ನಲ್ಲಿ ಎಲ್ಲರೂ ಬಳಸುವ ಒಂದೇ ಇಮೇಲ್ ತೆರೆದಿರುತ್ತದೆ. ಬುಕಿಂಗ್ ಮೇಲ್ ಬಂದರೆ ಊರಿನ ಹೆಸರು ತಾನಾಗಿಯೇ ಕ್ಯಾಲೆಂಡರ್‌ಗೆ ಏರಿಬಿಡಬಹುದು. ಅದಕ್ಕೆ ಬೇರೆ ಇಮೇಲ್ ಮಾಡಿದೆ. ದುಡ್ಡು ನನ್ನ ಖಾತೆಯಿಂದಲೇ ಕಟ್ಟಿದೆ, ಜಂಟಿ ಖಾತೆಯದ್ದಾದರೆ ಅಪ್ಪನಿಗೆ ಮೆಸೇಜ್ ಹೋಗುತ್ತದಲ್ವಾ. ಹಿಂದಿನ ದಿನ ಹೋಟೆಲಿನವರು ಖಾತ್ರಿ ಮಾಡಿಕೊಳ್ಳಲು ಫೋನ್ ಮಾಡುತ್ತಾರೆ. ಹಾಗಾಗಿ ಕೋಣೆ ಅಪ್ಪನ ಹೆಸರಿನಲ್ಲಿದ್ದರೂ ನಂಬರ್ ನನ್ನದೇ ಕೊಟ್ಟೆ. ಮಕ್ಕಳಿಗೆ ಹೇಳಿದ್ದು ಕಾರು ಹೊರಟ ಮೇಲೆಯೇ.

ಊರು ಇನ್ನೂ ಸ್ವಲ್ಪ ದೂರ ಇರುವಾಗಲೇ ವಿಷಯ ಹೇಳಿದೆವು. ಬೋರ್ಡ್ ನೋಡಿ ತಿಳಿಯಲಿ ಅಂತ ಅಕ್ಕನ ಆಸೆ, ಆದರೆ ನೆನಪು ಮಾಡಿಕೊಂಡು ಮಾತಾಡಲು ಅವರಿಗೂ ಸ್ವಲ್ಪ ಹೊತ್ತು ಬೇಕಿತ್ತು. ಅಪ್ಪ ತಕ್ಷಣ ದಾರಿ ಹೇಳಲು ಶುರು ಮಾಡಿದರು, ಅರ್ಧ ತಪ್ಪು. ಅಮ್ಮ ಮಾತ್ರ ಬೈದಳು: "ಮೊದಲೇ ಹೇಳಿದ್ರೆ ಪಕ್ಕದ ಮನೆಯವರ ನಂಬರ್ ಹುಡುಕಿ ಇಟ್ಕೊಳ್ತಿದ್ದೆ."