ತರಗತಿಯಲ್ಲಿ ಅಣಕು ಚುನಾವಣೆ: ಕೈ ಎತ್ತಿಸಬೇಡಿ, ಚೀಟಿ ಕೊಡಿ

ಮುಂಬೈಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಅಣಕು ಚುನಾವಣೆ ನಡೆಯುವುದನ್ನು ನಾನು ಹಲವು ಸಲ ನೋಡಿದ್ದೇನೆ. ಭಾಷಣ, ಘೋಷಣೆ ಎಲ್ಲ ಜೋರಾಗಿರುತ್ತದೆ. ಕೊನೆಗೆ ಟೀಚರ್, "ಇವನಿಗೆ ಯಾರ್‍ಯಾರು? ಕೈ ಎತ್ತಿ" ಅನ್ನುತ್ತಾರೆ. ಒಂದು ಸಲ ಏಳನೇ ತರಗತಿಯ ಹುಡುಗಿಯೊಬ್ಬಳು ಅರ್ಧ ಎತ್ತಿದ ಕೈಯನ್ನು ಪಕ್ಕದವಳ ಮುಖ ನೋಡಿ ಕೆಳಗಿಳಿಸಿದಳು. ಗುಟ್ಟಿನ ಮತದಾನ ಯಾಕೆ ಬೇಕು ಅನ್ನುವ ಪಾಠ ಅಲ್ಲೇ ಇತ್ತು, ಅದೇ ತಪ್ಪಿಹೋಯಿತು.

ಮೊದಲ ಹಂತ ಸುಲಭ. ನಿಜವಾಗಿ ಕೆಲಸ ಇರುವ ಹುದ್ದೆ ಇಡಿ, ಮೂವರು ಅಭ್ಯರ್ಥಿಗಳು ಸಾಕು. ಬಕೆಟ್, ಕೊಡೆ, ವಡಾಪಾವ್ ಥರ ಮಕ್ಕಳೇ ಚಿಹ್ನೆ ಆರಿಸಲಿ. ನಿಜವಾದ ಪಕ್ಷಗಳ ಚಿಹ್ನೆ ಬೇಡವೇ ಬೇಡ, ಮನೆಯ ಜಗಳ ತರಗತಿಗೆ ಬರುತ್ತದೆ. ಪ್ರಚಾರಕ್ಕೆ ಎರಡು ದಿನ ಸಾಕು.

ಮತಪತ್ರಕ್ಕೆ ಸಮಯ ಕೊಡಿ. ಒಂದರ ಕೆಳಗೊಂದು ಮೂರು ಹೆಸರು, ಪಕ್ಕದಲ್ಲಿ ಚಿಹ್ನೆ, ಕೊನೆಯಲ್ಲಿ ನೋಟಾ. ಮತಪತ್ರದ ಹಿಂದೆ ಮಗುವಿನ ರೋಲ್ ನಂಬರ್ ಬರೆಯುವ ಟೀಚರ್‌ಗಳಿದ್ದಾರೆ. ದಯವಿಟ್ಟು ಬರೆಯಬೇಡಿ, ಯಾರು ಯಾರಿಗೆ ಹಾಕಿದರು ಅಂತ ಗೊತ್ತಾಗಿಬಿಡುತ್ತದೆ. ಹಿಂಬದಿಯಲ್ಲಿ ಮತಗಟ್ಟೆ ಅಧಿಕಾರಿಯಾದ ಮಗುವಿನ ಸಹಿ ಮಾತ್ರ ಇರಲಿ. ಮನೆಯಿಂದ ಮಾಡಿ ತಂದ ಚೀಟಿ ಅದರಿಂದಲೇ ಸಿಕ್ಕಿಬೀಳುತ್ತದೆ.

ಮುದ್ರೆಗೆ ಪೆನ್ಸಿಲ್ ರಬ್ಬರ್ ಮೇಲೆ ಓರೆಯಾದ ಕೊಕ್ಕೆ ಕೆತ್ತಿ. ಬೆಂಡೆಕಾಯಿ ಕತ್ತರಿಸಿ ಒತ್ತಿಸುವವರಿದ್ದಾರೆ, ನನಗೆ ಅದು ಬೇಡ. ಹಸಿ ಶಾಯಿಯ ಕಾಗದ ಮಡಿಸಿದಾಗ ಗುರುತು ಇನ್ನೊಬ್ಬರ ಸಾಲಿಗೂ ಅಂಟುತ್ತದೆ. ಕೊಕ್ಕೆಯಾದರೆ ಅಂಟಿದ್ದು ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ಯಾವುದು ಒತ್ತಿದ್ದು, ಯಾವುದು ಅಂಟಿದ್ದು ಅಂತ ಎಣಿಸುವಾಗ ಕಾಣುತ್ತದೆ. ಬೆಂಡೆಕಾಯಿಯ ನಕ್ಷತ್ರ ಎರಡೂ ಕಡೆ ಒಂದೇ ಥರ, ಅಲ್ವಾ? ಕಾಗದವನ್ನು ಮೊದಲು ಉದ್ದುದ್ದ, ಅಂದರೆ ಎಡ ಬಲ ಸೇರುವಂತೆ ಮಡಿಸಲು ಕಲಿಸಿ. ಆಗ ಶಾಯಿ ಅದೇ ಸಾಲಿನೊಳಗೆ ಉಳಿಯುತ್ತದೆ. ಆಮೇಲೆ ಅಡ್ಡ ಮಡಿಕೆ.

ಮತದಾನದ ಮರೆಗೆ ದೊಡ್ಡ ರಟ್ಟಿನ ಡಬ್ಬ ಸಾಕು. ಅದನ್ನು ಕಿಟಕಿಯಿಂದ ದೂರ ಇಡಿ, ತೆರೆದ ಬದಿ ಗೋಡೆಯ ಕಡೆ ಇರಲಿ, ಮಗು ಗೋಡೆಗೆ ಬೆನ್ನು ಕೊಟ್ಟು ನಿಲ್ಲಲಿ. ಟೀಚರ್ ಹತ್ತಿರವೂ ಸುಳಿಯಬಾರದು. ಮೊದಲ ಅಧಿಕಾರಿ ಪಟ್ಟಿಯಲ್ಲಿ ಹೆಸರು ಹುಡುಕುತ್ತಾನೆ. ಎರಡನೆಯವಳು ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿ, ಸಹಿ ಹಾಕಿಸಿಕೊಳ್ಳುತ್ತಾಳೆ. ಮೂರನೆಯವನು ಮತಪತ್ರ ಕೊಡುತ್ತಾನೆ. ಸ್ಕೆಚ್ ಪೆನ್ನಿನ ಶಾಯಿ ನಲ್ಲಿಯ ನೀರಿಗೆ ಹೋಗುತ್ತದೆ, ಪರ್ಮನೆಂಟ್ ಮಾರ್ಕರ್ ತನ್ನಿ. ನಿಜವಾದ ಅಳಿಸಲಾಗದ ಶಾಯಿ ಮೈಸೂರಿನಲ್ಲಿ ತಯಾರಾಗುತ್ತದೆ, 1962ರ ಚುನಾವಣೆಯಿಂದ ಬಳಕೆಯಲ್ಲಿದೆ ಎಂದು ಹೇಳಿ. ನಮ್ಮ ಮಕ್ಕಳಿಗೆ ಬಹಳ ಖುಷಿಯಾಗುತ್ತದೆ.

ಯಾರಾದರೂ ಮುದ್ರೆ ಒತ್ತಿದ ಕಾಗದವನ್ನು ಗೆಳೆಯನಿಗೆ ತೋರಿಸಿದರೆ ಸುಮ್ನೆ ಬಿಡಬೇಡಿ. ಕಾಗದದ ಮತದಾನದ ನಿಯಮದಲ್ಲಿ ಅಂಥ ಮತಪತ್ರವನ್ನು ವಾಪಸ್ ಪಡೆದು ರದ್ದು ಮಾಡುತ್ತಾರೆ. ತರಗತಿಯಲ್ಲೂ ಹಾಗೆಯೇ ಮಾಡಿ, ಕಾರಣ ಹೇಳಿ.

ಮೊಬೈಲ್ ಆ್ಯಪ್‌ನಲ್ಲಿ ಮತ ಹಾಕಿಸುವುದು ಬೇಗ ಮುಗಿಯುತ್ತದೆ. ಬೀಪ್ ಅಂದ ಮೇಲೆ ಏನಾಯಿತು ಅಂತ ಮಕ್ಕಳು ಕೈಯಿಂದ ಎಣಿಸಿ ನೋಡಲು ಬರುವುದಿಲ್ಲ. ಹಾಗಾಗಿ ನಾನು ಕಾಗದದ ಪೆಟ್ಟಿಗೆಯನ್ನೇ ಬಳಸುತ್ತೇನೆ. ಮತದಾನಕ್ಕೆ ಮೊದಲು ಪೆಟ್ಟಿಗೆ ಖಾಲಿ ಇದೆ ಅಂತ ಎಲ್ಲರಿಗೂ ತೋರಿಸಿ, ಆಮೇಲೆ ಅಂಟಿಸಿ.

ಎಣಿಕೆಯಲ್ಲಿ ಮೊದಲ ಕೆಲಸ ಲೆಕ್ಕ ಹೊಂದಿಸುವುದು. ಒಂದು ತರಗತಿಯಲ್ಲಿ 38 ಮಕ್ಕಳು, ಆ ದಿನ ಬಂದವರು 36 ಅಂದುಕೊಳ್ಳಿ. ಕೊಟ್ಟ ಮತಪತ್ರ 36, ಮತ ಹಾಕಿದವರ ಸಹಿಗಳು 36. ಪೆಟ್ಟಿಗೆಯಲ್ಲೂ 36 ಸಿಗಬೇಕು. 37 ಬಂದರೆ ಹಿಂಬದಿಯಲ್ಲಿ ಅಧಿಕಾರಿಯ ಸಹಿ ಇಲ್ಲದ್ದನ್ನು ಹುಡುಕಿ. ರದ್ದಾದದ್ದು ಒಂದೂ ಇಲ್ಲದೆ 35 ಬಂದರೆ ಯಾರೋ ಜೇಬಿಗೆ ಹಾಕಿಕೊಂಡಿದ್ದಾರೆ. ಲೆಕ್ಕ ಸಿಕ್ಕ ಮೇಲೆಯೇ ಬಿಡಿಸಿ: ಬಕೆಟ್ 14, ಕೊಡೆ 12, ವಡಾಪಾವ್ 7, ನೋಟಾ 1, ಎರಡು ಸಾಲಿಗೂ ಮುದ್ರೆ ಒತ್ತಿ ಅಸಿಂಧುವಾದದ್ದು 2.

ಇಲ್ಲಿ ಅವಸರ ಮಾಡಬೇಡಿ. ಬಕೆಟ್ ಗೆದ್ದಿತು, ಆದರೆ ಬೇರೆ ಇಬ್ಬರಿಗೆ ಬಿದ್ದ ಮತ 19. "ಹಾಗಾದ್ರೆ ಇದು ಸರೀನಾ?" ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ನಮ್ಮ ಲೋಕಸಭೆ, ವಿಧಾನಸಭೆಯ ಪದ್ಧತಿಯಲ್ಲಿ ಎಲ್ಲರಿಗಿಂತ ಜಾಸ್ತಿ ಮತ ಪಡೆದರೆ ಸಾಕು, ಅರ್ಧಕ್ಕಿಂತ ಹೆಚ್ಚು ಬೇಕಿಲ್ಲ ಎಂದು ಅದೇ ಅಂಕಿಗಳನ್ನು ಹಲಗೆಯ ಮೇಲೆ ಬರೆದು ತೋರಿಸಿ. ಸರಿಯೋ ತಪ್ಪೋ ಎಂದು ಅವರು ವಾದಿಸಲಿ, ಒಂದು ಪೀರಿಯಡ್ ಪೂರ್ತಿ ಕೊಡಿ.

ಸಮ ಮತ ಬಂದರೆ ಟೀಚರ್ ತಮಗಿಷ್ಟವಾದವರನ್ನು ಆರಿಸಬಾರದು. 2017ರ ಮುಂಬೈ ಮಹಾನಗರ ಪಾಲಿಕೆ ಚುನಾವಣೆಯಲ್ಲಿ 220ನೇ ವಾರ್ಡಿನ ಇಬ್ಬರಿಗೆ ಸಮ ಮತ ಬಂದಾಗ ಚೀಟಿ ಎತ್ತಿಯೇ ತೀರ್ಮಾನಿಸಿದರು. ಎರಡು ಚೀಟಿಯನ್ನು ಒಂದೇ ಥರ ಮಡಿಸಿ ಡಬ್ಬಕ್ಕೆ ಹಾಕಿ, ಐದನೇ ತರಗತಿಯ ಒಂದು ಮಗುವನ್ನು ಕರೆದು ಎಲ್ಲರ ಮುಂದೆ ಎತ್ತಿಸಿ.