ಎಲ್‌ಡಿಎಲ್ ಏರಿದ್ರೆ ಮೊದಲು ಡೋಸ್ ಮುಟ್ಟಲ್ಲ, ಮಾತ್ರೆ ಬಗ್ಗೆ ಕೇಳ್ತೀನಿ

ಹೃದಯಾಘಾತ ಆಗಿ ಸ್ಟೆಂಟ್ ಹಾಕಿಸ್ಕೊಂಡವರೊಬ್ರು ನನ್ನ ಹತ್ರ ತೋರಿಸ್ತಾರೆ. ಕೊಲೆಸ್ಟ್ರಾಲ್ ಇಳಿಸೋ ಸ್ಟಾಟಿನ್ ಗುಂಪಿನ ಮಾತ್ರೆ, ಬ್ರಾಂಡೆಡ್ ಅಟೋರ್ವಾಸ್ಟಾಟಿನ್ 40 ಮಿ.ಗ್ರಾಂ ತಗೊಂಡು ಎಲ್‌ಡಿಎಲ್ ಅನ್ನೋ ಕೆಟ್ಟ ಕೊಲೆಸ್ಟ್ರಾಲ್ 66ಕ್ಕೆ ಇಳಿದಿತ್ತು, ಮುಂದಿನ ಟೆಸ್ಟಲ್ಲಿ ನೋಡಿದ್ರೆ 104. ಇಂಥ ರಿಪೋರ್ಟ್ ನೋಡಿದ ಕೂಡ್ಲೇ 80 ಮಿ.ಗ್ರಾಂ ಬರೆದುಬಿಡೋದು ಸುಲಭ, ಆದ್ರೆ ಸ್ಟಾಟಿನ್ ಡೋಸ್ ಡಬಲ್ ಮಾಡಿದ್ರೂ ಎಲ್‌ಡಿಎಲ್ ಇನ್ನೊಂದು 6 ಪರ್ಸೆಂಟ್ ಇಳಿದ್ರೆ ಹೆಚ್ಚು, ಇಷ್ಟೊಂದು ಏರಿದೆ ಅಂದ್ರೆ ಮಾತ್ರೆ ಹೊಟ್ಟೆಗೇ ಹೋಗ್ತಿಲ್ಲ ಅಂತ ನನ್ನ ಮೊದಲ ಅನುಮಾನ.

"ಮಾತ್ರೆ ತಗೋತಿದೀರಾ" ಅಂತ ಕೇಳಿದ್ರೆ ಎಲ್ರೂ ಹೂಂ ಅಂತಾರೆ. ಅದಕ್ಕೆ ನಾನು "ಕೊನೇ ಸ್ಟ್ರಿಪ್ ಯಾವತ್ತು ತಂದ್ರಿ, ಈಗ ಎಷ್ಟು ಉಳಿದಿದೆ" ಅಂತ ಕೇಳ್ತೀನಿ. ಅವ್ರು ಸ್ವಲ್ಪ ಸುಮ್ನಿದ್ದು, "ತಿಂಗಳ ಕೊನೇಲಿ ಖಾಲಿ ಆಗುತ್ತೆ ಡಾಕ್ಟ್ರೇ, ಸಂಬಳ ಬಂದ್ಮೇಲೆ ತರ್ತೀನಿ" ಅಂದ್ರು. ಬಿಪಿ ಮಾತ್ರೆ ಬಿಟ್ರೆ ತಲೆ ನೋಯುತ್ತೆ ಅಂತ ಅದನ್ನ ಬಿಡಲ್ವಂತೆ, ಇದನ್ನ ಬಿಟ್ರೆ ಏನೂ ಗೊತ್ತಾಗಲ್ಲ, ಹಾಗಾಗಿ ದುಡ್ಡು ಕಮ್ಮಿ ಬಿದ್ದಾಗ ಮೊದಲು ನಿಲ್ಲೋದು ಇದೇ.

ಅವರ ಮುಂದೇನೇ ಲೆಕ್ಕ ಹಾಕಿದೆ. ದಿನಕ್ಕೊಂದರಂತೆ 30 ವರ್ಷಕ್ಕೆ ಹತ್ರ ಹತ್ರ 11,000 ಮಾತ್ರೆ. ಜೆನೆರಿಕ್ ಅಂದ್ರೆ ಮೂಲ ಬ್ರಾಂಡ್ ಅಲ್ಲದ, ಅದೇ ಔಷಧಿ ಇರೋ ಅಗ್ಗದ ಮಾತ್ರೆ. ಬ್ರಾಂಡ್ ಬೆಲೆ ಅದರ ಐದು ಪಟ್ಟು ಇದ್ರೆ, ಜೆನೆರಿಕ್‌ಗೆ 30 ವರ್ಷಕ್ಕೆ ಆಗೋ ಖರ್ಚು ಬ್ರಾಂಡ್‌ಗೆ ಆರೇ ವರ್ಷದಲ್ಲಿ ಮುಗಿದುಹೋಗುತ್ತೆ.

"ಅಗ್ಗದ್ದು ಕೆಲಸ ಮಾಡುತ್ತಾ?" ಅಂದ್ರು. ನ್ಯಾಯವಾದ ಪ್ರಶ್ನೆ. ಜೆನೆರಿಕ್‌ನಿಂದ ರಕ್ತಕ್ಕೆ ಸೇರೋ ಔಷಧಿ ಮೂಲ ಬ್ರಾಂಡ್‌ಗೆ ಸಮ ಅಂತ ಟೆಸ್ಟಲ್ಲಿ ತೋರಿಸಬೇಕು, ಬ್ರಾಂಡ್‌ನ 80ರಿಂದ 125 ಪರ್ಸೆಂಟ್ ಒಳಗಿರಬೇಕು ಅನ್ನೋ ಮಿತಿ ನೋಡಿ ಎಷ್ಟೋ ಜನ 20 ಪರ್ಸೆಂಟ್ ಕಮ್ಮಿ ಇದ್ರೂ ಪಾಸ್ ಅನ್ಕೋತಾರೆ, ಹಾಗಲ್ಲ, ಸರಾಸರಿ ಮಾತ್ರ ಅಲ್ಲ ಅದರ ಕಾನ್ಫಿಡೆನ್ಸ್ ಇಂಟರ್ವಲ್, ಅಂದ್ರೆ ನಿಜವಾದ ಸರಾಸರಿ ಎಲ್ಲಿಂದ ಎಲ್ಲೀವರೆಗೆ ಇರಬಹುದು ಅನ್ನೋ ಅಂದಾಜು, ಪೂರ್ತಿ ಆ ಮಿತಿಯೊಳಗೆ ಕೂರಬೇಕು, ಹಾಗಾಗಿ ನಿಜವಾದ ವ್ಯತ್ಯಾಸ ಸಾಮಾನ್ಯವಾಗಿ ತುಂಬಾ ಸಣ್ಣದು. ಆದ್ರೂ ನಂಬಿ ಅಂತ ಹೇಳಿ ಕಳಿಸಲ್ಲ ನಾನು. ಅದೇ 40 ಮಿ.ಗ್ರಾಂ ಜೆನೆರಿಕ್ ಬರೆದು, ಎಂಟು ವಾರಕ್ಕೆ ಲಿಪಿಡ್ ಟೆಸ್ಟ್ ಮಾಡಿಸ್ದೆ. 68 ಬಂತು.

ಬದಲಾಯಿಸುವಾಗ ಒಂದು ಅಪಾಯ ಇದೆ. ಹೆಸರು, ಬಣ್ಣ ಎಲ್ಲಾ ಬೇರೆ ಇರೋದ್ರಿಂದ ಕೆಲವರು ಹಳೇದು ಹೊಸದು ಎರಡನ್ನೂ ನುಂಗ್ತಾರೆ, ಡೋಸ್ ಡಬಲ್ ಆಗಿ ಮೈಕೈ ನೋವು ಬಂದ್ರೆ ಆಮೇಲೆ ಜೆನೆರಿಕ್ಕೇ ಸರಿಯಿಲ್ಲ ಅಂತ ಬಿಟ್ಟೂಬಿಡ್ತಾರೆ. ಅದಕ್ಕೆ ಹಳೇ ಸ್ಟ್ರಿಪ್ ತರಿಸಿ, ಎರಡರಲ್ಲೂ ಅಟೋರ್ವಾಸ್ಟಾಟಿನ್ ಅಂತ ಬರೆದಿರೋ ಜಾಗಕ್ಕೆ ಪೆನ್ನಲ್ಲಿ ಸುತ್ತು ಹಾಕಿ ತೋರಿಸ್ತೀನಿ, ಆದಷ್ಟು ಒಂದೇ ಕಂಪನಿದು ತಗೊಳ್ಳಿ ಅಂತೀನಿ.

ಬೆಲೆ ಇಳಿದ್ರೆ ಎಲ್ಲಾ ಸರಿಹೋಗಲ್ಲ ಅನ್ನೋದೂ ನಿಜ. ಅಮೆರಿಕದಲ್ಲಿ ಹೃದಯಾಘಾತ ಆದವರಿಗೆ ಇಂಥ ಔಷಧಿಗಳನ್ನ ಪುಕ್ಕಟೆ ಕೊಟ್ಟು ನೋಡಿದ್ರು, 2011ರಲ್ಲಿ ಫಲಿತಾಂಶ ಬಂತು, ತಗೊಳ್ಳೋರು ಹೆಚ್ಚಿದ್ದು ಬರೀ 4ರಿಂದ 6 ಪರ್ಸೆಂಟ್ ಪಾಯಿಂಟ್. ಅದಕ್ಕೇ ಜೆನೆರಿಕ್ ಬರೆದ್ಮೇಲೂ ಸ್ಟ್ರಿಪ್ ಲೆಕ್ಕ ಕೇಳೋದನ್ನ ನಾನು ಬಿಟ್ಟಿಲ್ಲ.